ವಾರ ತುಂಬುವ ಮೊದಲು ಮುಚ್ಚಬೇಕಾದ ಗುಂಡಿ: ಮನೆಗೆ ತಾಗಿದ ಕೊಟ್ಟಿಗೆಯಲ್ಲಿ ನೊಣ, ಸೊಳ್ಳೆ, ಉಣ್ಣೆಗಳ ಹತೋಟಿ

ಮನೆಯ ಗೋಡೆಗೆ ತಾಗಿಕೊಂಡೇ ಕೊಟ್ಟಿಗೆ ಇರುವಲ್ಲಿ ಕೀಟಗಳ ಕಾಟ ಮಿತಿಮೀರಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಗೋಡೆಗೆ, ನೆಲಕ್ಕೆ, ದನದ ಮೈಗೆ ಔಷಧ ಸಿಂಪಡಿಸುವುದು. ಎರಡು ದಿನ ಕಡಿಮೆಯಾದಂತೆ ಕಾಣುವ ನೊಣ ಮೂರನೆಯ ದಿನ ಮತ್ತೆ ಅಷ್ಟೇ ಸಂಖ್ಯೆಯಲ್ಲಿ ಬಂದು ಕೂರುತ್ತದೆ. ಏಕೆಂದರೆ ಸಿಂಪಡಣೆ ಕೊಲ್ಲುವುದು ಹಾರಾಡುವ ನೊಣವನ್ನು ಮಾತ್ರ. ಅದರ ಹಲವು ಪಟ್ಟು ಮರಿಗಳು ಆ ಹೊತ್ತಿಗೆ ತಿಪ್ಪೆಯ ಅಂಚಿನಲ್ಲಿಯೂ ಗೋದಲಿಯ ಬುಡದಲ್ಲಿಯೂ ಬೆಳೆಯುತ್ತಿರುತ್ತವೆ. ಆದ್ದರಿಂದ ಈ ಮಾರ್ಗದರ್ಶಿ ಕೀಟ ಹುಟ್ಟುವ ಜಾಗದಿಂದ ಆರಂಭವಾಗುತ್ತದೆ.

ಆರಂಭದಲ್ಲೇ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಗಣಿಯಲ್ಲಿ ಹುಟ್ಟುವುದು ನೊಣ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಕೊಟ್ಟಿಗೆಯ ಮಟ್ಟಿಗೆ ಹೇಳುವುದಾದರೆ ಗಂಜಲ ಮತ್ತು ತೊಳೆದ ನೀರು ನಿಲ್ಲುವ ಚರಂಡಿಯಲ್ಲಿ ಹಾಗೂ ಕುಡಿಯುವ ನೀರಿನ ತೊಟ್ಟಿಯಲ್ಲಿ. ಉಣ್ಣೆ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿನಲ್ಲಿ, ಒಣಗಿದ ಹಾಸಿನ ಅಡಿಯಲ್ಲಿ. ಸಗಣಿಯನ್ನು ಎಷ್ಟೇ ಚೆನ್ನಾಗಿ ನಿರ್ವಹಿಸಿದರೂ ಸೊಳ್ಳೆ ಮತ್ತು ಉಣ್ಣೆಗಳು ತಾವಾಗಿಯೇ ಹೋಗುವುದಿಲ್ಲ. ಆದರೆ ಸಗಣಿ, ಗಂಜಲ, ಹಾಸು ಈ ಮೂರನ್ನೂ ಒಂದೇ ಕ್ರಮದಲ್ಲಿ ಸಾಗಿಸಿದರೆ ಅವುಗಳ ನೆಲೆಯೂ ಬಹುಪಾಲು ತಪ್ಪುತ್ತದೆ.

ನೊಣದ ಲೆಕ್ಕ ದಿನಗಳಲ್ಲಿ

ಬೇಸಿಗೆಯ ಶಾಖದಲ್ಲಿ ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹೊರಬಂದ ಬಿಳಿ ಹುಳು ಹಸಿ ಸಗಣಿಯಲ್ಲಿ ನಾಲ್ಕೈದು ದಿನ ತಿಂದು ಬೆಳೆಯುತ್ತದೆ. ಬಳಿಕ ಅದಕ್ಕೆ ಒದ್ದೆಯ ಅಗತ್ಯವಿರುವುದಿಲ್ಲ. ಅದು ತಿಪ್ಪೆಯಿಂದ ಹೊರಕ್ಕೆ ತೆವಳಿ, ಅಂಚಿನ ಒಣ ಮಣ್ಣಿನಲ್ಲಿ ಇಲ್ಲವೇ ಕಲ್ಲಿನ ಅಡಿಯಲ್ಲಿ ಕಂದು ಕೋಶವಾಗಿ ಮಲಗುತ್ತದೆ. ಮೊಟ್ಟೆಯಿಂದ ರೆಕ್ಕೆಯ ನೊಣವಾಗುವವರೆಗೆ ಒಟ್ಟು 7ರಿಂದ 10 ದಿನ ಸಾಕು. ಚಳಿಯಲ್ಲಿ ಇದು ಇನ್ನೂ ನಿಧಾನವಾಗುತ್ತದೆ. ಒಂದು ಹೆಣ್ಣು ನೊಣ ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು, ಹೀಗೆ ಹಲವು ಬಾರಿ ಇಡುತ್ತದೆ.

ಈ ಲೆಕ್ಕದಿಂದ ಎರಡು ನಿಯಮಗಳು ಹುಟ್ಟುತ್ತವೆ. ಹಸಿ ಸಗಣಿ ತೆರೆದ ಸ್ಥಿತಿಯಲ್ಲಿ ಒಂದೇ ಕಡೆ ವಾರ ಪೂರ್ತಿ ಉಳಿಯಬಾರದು. ಹುಳು ತಿಪ್ಪೆಯಿಂದ ಹೊರಬರುವ ನಾಲ್ಕನೆಯ ಅಥವಾ ಐದನೆಯ ದಿನಕ್ಕೆ ಮೊದಲೇ ಅದರ ದಾರಿ ಮುಚ್ಚಿರಬೇಕು. ಮುಂದೆ ಹೇಳುವ ಗುಂಡಿಯ ಅಳತೆ, ಮುಚ್ಚುವ ದಿನ, ತಿರುವಿ ಹಾಕುವ ಅಂತರ ಎಲ್ಲವೂ ಇವೆರಡನ್ನು ಆಧರಿಸಿದವು.

ಕೊಟ್ಟಿಗೆಯಲ್ಲಿ ಮತ್ತೊಂದು ಬಗೆಯ ನೊಣವೂ ಇರುತ್ತದೆ. ನೋಡಲು ಮನೆನೊಣದಂತೆಯೇ ಇದ್ದರೂ ಅದಕ್ಕೆ ಮುಖದ ಮುಂದಕ್ಕೆ ಚಾಚಿದ ಗಟ್ಟಿಯಾದ ಸೂಜಿಮೂತಿ ಇರುತ್ತದೆ. ಗಂಡು ಹೆಣ್ಣು ಎರಡೂ ರಕ್ತ ಹೀರುತ್ತವೆ. ಇದು ಹೆಚ್ಚಾಗಿ ದನದ ಮುಂಗಾಲುಗಳ ಮೇಲೆ ತಲೆ ಮೇಲಾಗಿ ಕೂರುತ್ತದೆ. ಹಸು ನಿಂತಲ್ಲೇ ಮತ್ತೆ ಮತ್ತೆ ಕಾಲು ಅಪ್ಪಳಿಸುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಈ ಕಚ್ಚುವ ನೊಣ ಬರಿಯ ಸಗಣಿಗಿಂತ ಸಗಣಿ, ಗಂಜಲ ಮತ್ತು ಕೊಳೆತ ಹುಲ್ಲು ಬೆರೆತ ಜಾಗವನ್ನು ಇಷ್ಟಪಡುತ್ತದೆ. ಕಾಲು ಅಪ್ಪಳಿಸುವ ಹಸು ಇದ್ದರೆ ತಿಪ್ಪೆಗಿಂತ ಮೊದಲು ಗೋದಲಿಯ ಬುಡವನ್ನು ನೋಡಬೇಕು.

ಮೊದಲ ಕೆಲಸ: ಕೋಲು ಹಿಡಿದು ಹುಡುಕುವುದು

ಏನನ್ನೂ ಬದಲಾಯಿಸುವ ಮೊದಲು ಬೆಳಗಿನ ಬೆಳಕಿನಲ್ಲಿ ಒಂದು ಕೋಲು, ಒಂದು ಸಲಿಕೆ ಹಿಡಿದು ಕೊಟ್ಟಿಗೆಯನ್ನು ಒಂದು ಸುತ್ತು ಬರಬೇಕು. ತಿಪ್ಪೆಯ ನಡುವನ್ನು ಕೆದಕುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಚೆನ್ನಾಗಿ ಕಾವೇರಿದ ತಿಪ್ಪೆಯ ಒಳಗೆ ಹುಳು ಬದುಕುವುದಿಲ್ಲ. ಹೊರಗಿನ ಒಂದು ಗೇಣಿನಷ್ಟು ಪದರ, ಅದರಲ್ಲೂ ನೆರಳಿನ ಕಡೆಯದು, ಹುಳುಗಳ ನಿಜವಾದ ನೆಲೆ. ಅಲ್ಲಿ ಸಲಿಕೆಯ ತುದಿಯಿಂದ ನಾಲ್ಕು ಬೆರಳು ಆಳ ಸರಿಸಿದರೆ ಕೆನೆಬಣ್ಣದ ಹುಳುಗಳು ಗುಂಪಾಗಿ ಹೊರಳುವುದು ಕಾಣುತ್ತದೆ. ತಿಪ್ಪೆಯಿಂದ ಒಂದೆರಡು ಅಡಿ ದೂರದ ಒಣ ಮಣ್ಣನ್ನು ಕೆದಕಿದರೆ ಅಕ್ಕಿಕಾಳಿನ ಗಾತ್ರದ, ಎರಡೂ ತುದಿ ದುಂಡಗಿರುವ ಕೆಂಗಂದು ಕೋಶಗಳು ಸಿಗುತ್ತವೆ. ಕೋಶವನ್ನು ಉಗುರಿನಿಂದ ಒತ್ತಿದಾಗ ಒಳಗಿನಿಂದ ದ್ರವ ಬಂದರೆ ನೊಣ ಇನ್ನೂ ಹೊರಬಂದಿಲ್ಲ. ತುದಿ ತೆರೆದು ಪೊಳ್ಳಾಗಿದ್ದರೆ ನೊಣ ಆಗಲೇ ಹಾರಿಹೋಗಿದೆ. ಪೊಳ್ಳು ಕೋಶಗಳೇ ರಾಶಿಯಾಗಿದ್ದರೆ ಆ ಜಾಗ ಬಹುಕಾಲದಿಂದ ನೊಣ ಹುಟ್ಟಿಸುತ್ತಿದೆ ಎಂದು ತಿಳಿಯಬೇಕು.

ತಿಪ್ಪೆಯ ನಂತರ ನೋಡಬೇಕಾದ ಜಾಗಗಳೆಂದರೆ ಗೋದಲಿಯ ಬುಡ, ಗೂಟದ ಸುತ್ತಲಿನ ತಗ್ಗು, ಚಪ್ಪಡಿ ಕಲ್ಲುಗಳ ಸಂದು, ಕರು ಕಟ್ಟುವ ಮೂಲೆ ಹಾಗೂ ಚರಂಡಿಯ ಕೊನೆ. ಇವುಗಳಲ್ಲಿ ಕರುವಿನ ಮೂಲೆ ಎಲ್ಲರೂ ಮರೆಯುವ ಜಾಗ. ಕರುವಿಗೆ ಬೆಚ್ಚಗಿರಲೆಂದು ಹುಲ್ಲು ಹಾಸಿ, ಅದರ ಮೇಲೆಯೇ ದಿನವೂ ಹೊಸ ಹುಲ್ಲು ಸೇರಿಸುತ್ತಾ ಹೋಗುತ್ತಾರೆ. ಮೇಲ್ಪದರ ಒಣಗಿದ್ದು ಶುಚಿಯಾಗಿ ಕಂಡರೂ ಅಡಿಯ ಪದರ ಹಾಲು, ಗಂಜಲ, ಸಗಣಿ ಬೆರೆತು ಬೆಚ್ಚಗೆ ಕೊಳೆಯುತ್ತಿರುತ್ತದೆ. ನನ್ನ ದೃಷ್ಟಿಯಲ್ಲಿ, ಒಂದೇ ದಿನದಲ್ಲಿ ಒಂದೇ ಜಾಗವನ್ನು ಸರಿಪಡಿಸಲು ಸಾಧ್ಯವಿದ್ದರೆ ಕರುವಿನ ಹಾಸನ್ನೇ ಆರಿಸಿಕೊಳ್ಳಬೇಕು.

ಕೊಟ್ಟಿಗೆಯೊಳಗಿನ ದಿನಚರಿ

ಸಗಣಿಯನ್ನು ದಿನಕ್ಕೆ ಎರಡು ಬಾರಿ, ಹಾಲು ಕರೆಯುವ ಮೊದಲು, ಎತ್ತುವುದು ಒಳ್ಳೆಯದು. ಎತ್ತಿದ ಸಗಣಿಯನ್ನು ಬಾಗಿಲ ಪಕ್ಕದಲ್ಲಿ ಗುಡ್ಡೆ ಹಾಕಿ ನಂತರ ಬಿಡುವಾದಾಗ ಸಾಗಿಸುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಬೇಕು. ಮನೆಯೊಳಗೆ ಬರುವ ನೊಣಗಳ ದೊಡ್ಡ ಪಾಲು ಈ ತಾತ್ಕಾಲಿಕ ಗುಡ್ಡೆಯ ವಾಸನೆಗೆ ಬಂದವು. ಬುಟ್ಟಿಯಿಂದ ನೇರವಾಗಿ ಗುಂಡಿಗೆ ಹೋಗಬೇಕು.

ತಿಂದುಳಿದ ಮೇವನ್ನು ದಿನವೂ ಗೋದಲಿಯಿಂದ ಪೂರ್ತಿ ತೆಗೆಯಬೇಕು. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಂಡು ಗೋದಲಿಯ ಬುಡವನ್ನು ಹಾರೆಯಿಂದ ಕೆರೆದು, ಅಲ್ಲಿನ ಕಪ್ಪಾದ ಒದ್ದೆ ಪದರವನ್ನು ತೆಗೆದು, ತಗ್ಗಿದ್ದಲ್ಲಿ ಮೊರಂ ಅಥವಾ ಗಟ್ಟಿ ಮಣ್ಣು ತುಂಬಿ ದಮ್ಮಸು ಮಾಡಬೇಕು. ಕರುವಿನ ಹಾಸನ್ನು ನಾಲ್ಕೈದು ದಿನಕ್ಕೊಮ್ಮೆ ನೆಲ ಕಾಣುವವರೆಗೆ ಎತ್ತಿ, ನೆಲ ಆರಿದ ಮೇಲೆ ಹೊಸದನ್ನು ಹಾಸಬೇಕು. ಈ ಅಂತರ ಹುಳುವಿನ ಬೆಳವಣಿಗೆಯ ಅವಧಿಗಿಂತ ಚಿಕ್ಕದಾಗಿರುವುದೇ ಇಲ್ಲಿ ಮುಖ್ಯ. ಹತ್ತು ದಿನಕ್ಕೊಮ್ಮೆ ಬಹಳ ಚೆನ್ನಾಗಿ ಶುಚಿಮಾಡುವುದಕ್ಕಿಂತ ನಾಲ್ಕು ದಿನಕ್ಕೊಮ್ಮೆ ಸಾಧಾರಣವಾಗಿ ಶುಚಿಮಾಡುವುದು ಹೆಚ್ಚು ಫಲ ಕೊಡುತ್ತದೆ.

ಒದ್ದೆಯನ್ನು ಹೀರಲು ಸುಣ್ಣ ಎರಚುವವರಿದ್ದಾರೆ. ಖಾಲಿ ಮಾಡಿ ತೊಳೆದ ನೆಲಕ್ಕೆ ಸುಣ್ಣ ಹಾಕುವುದು ಸರಿ, ಆದರೆ ಗೊಬ್ಬರವಾಗಬೇಕಾದ ಸಗಣಿಯ ಮೇಲೆ ಸುಣ್ಣ ಹಾಕಿದರೆ ಅದರಲ್ಲಿನ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟು ಗೊಬ್ಬರದ ನಷ್ಟದ ಗುರುತು. ಒಣ ಮಣ್ಣು, ಮರದ ಪುಡಿ, ಒಣ ಎಲೆ ಇದಕ್ಕಿಂತ ಉತ್ತಮ.

ಗುಂಡಿ: ಅಳತೆ ಏಕೆ ಚಿಕ್ಕದಾಗಿರಬೇಕು

ಸಾಮಾನ್ಯವಾಗಿ ಮನೆಯ ಹಿಂದೆ ಒಂದು ದೊಡ್ಡ ಗುಂಡಿ ತೋಡಿ, ಅದು ತುಂಬುವವರೆಗೆ ತಿಂಗಳುಗಟ್ಟಲೆ ಸಗಣಿ ಹಾಕುತ್ತಾರೆ. ಗೊಬ್ಬರದ ದೃಷ್ಟಿಯಿಂದ ಇದು ಅಷ್ಟೇನೂ ಕೆಟ್ಟದ್ದಲ್ಲ, ನೊಣದ ದೃಷ್ಟಿಯಿಂದ ಮಾತ್ರ ಇದಕ್ಕಿಂತ ಅನುಕೂಲವಾದ ಏರ್ಪಾಡು ಇನ್ನೊಂದಿಲ್ಲ: ದೊಡ್ಡ ತೆರೆದ ಮೇಲ್ಮೈ, ಪ್ರತಿದಿನ ಹೊಸ ಹಸಿ ಪದರ, ಎಂದೂ ಕಾವೇರದ ತೆಳುವಾದ ರಾಶಿ. ಇದರ ಬದಲು ಉದ್ದವಾದ ಕಿರಿದಾದ ಕಂದಕ ತೋಡಿ, ಅದನ್ನು ಒಂದು ತುದಿಯಿಂದ ಚಿಕ್ಕ ಚಿಕ್ಕ ಭಾಗಗಳಾಗಿ ತುಂಬಿ, ತುಂಬಿದ ಭಾಗವನ್ನು ಕೂಡಲೇ ಮೆತ್ತಿ ಮುಚ್ಚುತ್ತಾ ಹೋಗಬೇಕು. ಒಂದು ಭಾಗ ಎಷ್ಟು ದೊಡ್ಡದಿರಬೇಕೆಂಬುದನ್ನು ಮನೆಯಲ್ಲಿನ ದನಗಳ ಸಂಖ್ಯೆ ತೀರ್ಮಾನಿಸುತ್ತದೆ.

ಎರಡು ಹಸು, ಒಂದು ಕರು ಇರುವ ಮನೆಯನ್ನು ತೆಗೆದುಕೊಳ್ಳೋಣ. ಸಾಧಾರಣ ಗಾತ್ರದ ಹಸು ದಿನಕ್ಕೆ ಸುಮಾರು 12 ಕಿಲೋ ಸಗಣಿ ಹಾಕುತ್ತದೆ ಎಂದು ಹಿಡಿದರೆ ಎರಡಕ್ಕೆ 24, ಕರುವಿನದು 4, ಒಟ್ಟು 28 ಕಿಲೋ. ಹಸಿ ಸಗಣಿ ಕಿಲೋಗೆ ಸುಮಾರು ಒಂದು ಲೀಟರ್ ಜಾಗ ಹಿಡಿಯುತ್ತದೆ. ಹಾಸು ಮತ್ತು ತಿಂದುಳಿದ ಮೇವು ತುಳಿದ ಮೇಲೂ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಡುವುದರಿಂದ ದಿನಕ್ಕೆ 55ರಿಂದ 60 ಲೀಟರ್ ಎಂದು ಲೆಕ್ಕ ಹಿಡಿಯಬಹುದು. ಕಂದಕ 1 ಮೀಟರ್ ಅಗಲ, 60 ಸೆಂಟಿಮೀಟರ್ ಆಳ ಇದ್ದರೆ ಅದರ 50 ಸೆಂಟಿಮೀಟರ್ ಉದ್ದದ ಒಂದು ಭಾಗದಲ್ಲಿ 300 ಲೀಟರ್ ಹಿಡಿಯುತ್ತದೆ. ನೆಲಮಟ್ಟದಿಂದ ಮೇಲೆ ದಿಬ್ಬದಂತೆ ಪೇರಿಸಿದರೆ ಇನ್ನೂ ಐವತ್ತು ಲೀಟರ್ ಸೇರುತ್ತದೆ. ಅಂದರೆ ಒಂದು ಭಾಗ ಆರು ದಿನಕ್ಕೆ ತುಂಬುತ್ತದೆ. ಗೊಬ್ಬರ ಕಳಿಯಲು ನಾಲ್ಕು ತಿಂಗಳು, ಅಂದರೆ 120 ದಿನ, ಕೊಟ್ಟರೆ ಇಪ್ಪತ್ತು ಭಾಗಗಳು ಬೇಕು. ಉದ್ದ ಒಟ್ಟು 10 ಮೀಟರ್. ಅಷ್ಟು ಉದ್ದದ ಜಾಗ ಒಂದೇ ಕಡೆ ಇಲ್ಲದಿದ್ದರೆ 5 ಮೀಟರಿನ ಎರಡು ಕಂದಕಗಳನ್ನು ಪಕ್ಕಪಕ್ಕದಲ್ಲಿ, ನಡುವೆ ಓಡಾಡಲು ದಾರಿ ಬಿಟ್ಟು, ತೋಡಬಹುದು. ಇಪ್ಪತ್ತನೆಯ ಭಾಗ ಮುಚ್ಚುವ ಹೊತ್ತಿಗೆ ಮೊದಲನೆಯದು ಹೊಲಕ್ಕೆ ಹೋಗಲು ಸಿದ್ಧವಾಗಿರುತ್ತದೆ.

ನಾಲ್ಕು ಹಸು ಇದ್ದರೆ ಅಗಲ ಆಳಗಳನ್ನು ಹಾಗೆಯೇ ಇಟ್ಟು ಭಾಗದ ಉದ್ದವನ್ನು ದುಪ್ಪಟ್ಟು ಮಾಡಿದರಾಯಿತು. ಒಂದೇ ಹಸು ಇರುವಲ್ಲಿ ಉದ್ದವನ್ನು ಕಡಿಮೆ ಮಾಡಬೇಕು. ಆರು ದಿನಕ್ಕೆ ತುಂಬುವುದೇ ಅಳತೆಗೋಲು.

ಜಾಗ ಆರಿಸುವಾಗ ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಬೇಕು, ಅಡುಗೆಮನೆಯ ಕಿಟಕಿಯ ದಿಕ್ಕಿನಲ್ಲಿ ಇರಬಾರದು, ಮಳೆನೀರು ಹರಿದು ಬರುವ ತಗ್ಗು ಆಗಿರಬಾರದು. ಕಂದಕದ ಸುತ್ತ ಒಂದು ಗೇಣು ಎತ್ತರದ ಬದು ಕಟ್ಟಿ, ಸಾಧ್ಯವಾದರೆ ಮೇಲೆ ತಗಡಿನ ಅಥವಾ ಗರಿಯ ಚಪ್ಪರ ಹಾಕಬೇಕು. ಅಂತರ್ಜಲ ಮೇಲೆಯೇ ಇರುವ ಜಾಗದಲ್ಲಿ ಗುಂಡಿ ತೋಡಿದರೆ ಅದು ಕೊಳಚೆ ತೊಟ್ಟಿಯಾಗುತ್ತದೆ. ಅಂಥಲ್ಲಿ ಇದೇ ಅಳತೆಯನ್ನು ನೆಲದ ಮೇಲೆ ಇಟ್ಟಿಗೆಯ ಗೋಡೆ ಕಟ್ಟಿ ಅಳವಡಿಸಿಕೊಳ್ಳಬೇಕು.

ಆರು ದಿನಗಳ ಕ್ರಮ

ಮೊದಲ ದಿನ ಕಂದಕದ ಒಂದು ತುದಿಯಿಂದ 50 ಸೆಂಟಿಮೀಟರ್ ಅಳೆದು, ಅಲ್ಲಿ ಹಳೆಯ ಹಲಗೆ ಅಥವಾ ತಗಡನ್ನು ಅಡ್ಡಲಾಗಿ ನಿಲ್ಲಿಸಬೇಕು. ತಳದಲ್ಲಿ ನಾಲ್ಕು ಬೆರಳಿನಷ್ಟು ಒಣ ಹುಲ್ಲು ಅಥವಾ ಎಲೆ ಹಾಸಬೇಕು. ಆ ದಿನದ ಸಗಣಿ, ಹಾಸು, ಕೊಟ್ಟಿಗೆ ಗುಡಿಸಿದ ಕಸ ಎಲ್ಲವನ್ನೂ ಹಾಕಿ, ಸಲಿಕೆಯ ಬೆನ್ನಿನಿಂದ ಒತ್ತಿ ಸಮಮಾಡಿ, ಎರಡು ಬೆರಳು ದಪ್ಪ ಒಣ ಮಣ್ಣು ಹರಡಬೇಕು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದೆಸಿ, ಅಂಚುಗಳ ಮೇಲೆ ಮಣ್ಣು ಎಳೆದು ಗಾಳಿ ಆಡದಂತೆ ಕೂರಿಸಬೇಕು. ಮರುದಿನ ಹಾಳೆಯ ಒಂದು ಬದಿಯನ್ನು ಮಾತ್ರ ಎತ್ತಿ ಅಂದಿನ ಸಗಣಿ ಸೇರಿಸಿ ಮತ್ತೆ ಹಾಗೆಯೇ ಮುಚ್ಚಬೇಕು.

ಸಗಣಿಯ ತೇವವನ್ನು ಕೈಯಲ್ಲೇ ಪರೀಕ್ಷಿಸಬಹುದು. ಬೆರೆತ ರಾಶಿಯಿಂದ ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಹದವಾಗಿದೆ. ಧಾರೆಯಾಗಿ ಇಳಿದರೆ ಒಣ ಪದಾರ್ಥ ಇನ್ನೂ ಬೇಕು. ಅತಿ ಒದ್ದೆಯಾದ ರಾಶಿಗೆ ಗಾಳಿ ಸೇರದೆ ಅದು ಕಾವೇರುವುದಿಲ್ಲ.

ಆರನೆಯ ದಿನ ನೆಲಮಟ್ಟದಿಂದ ಮೇಲಕ್ಕೆ ದಿಬ್ಬವಾಗಿ ಪೇರಿಸಿ, ಮಣ್ಣು ಮತ್ತು ಸಗಣಿ ಕಲಸಿದ ಗಟ್ಟಿ ಕೆಸರಿನಿಂದ ಎರಡು ಮೂರು ಬೆರಳು ದಪ್ಪಕ್ಕೆ ಮೆತ್ತಬೇಕು. ಇಲ್ಲಿ ಬರಿಯ ಸಡಿಲ ಮಣ್ಣು ಎರಚಿ ಬಿಟ್ಟರೆ ಪ್ರಯೋಜನವಾಗುವುದಿಲ್ಲ. ಕೋಶದಿಂದ ಹೊರಬರುವ ನೊಣ ಹಣೆಯ ಮೇಲಿನ ಒಂದು ಚೀಲವನ್ನು ಉಬ್ಬಿಸಿ ಇಳಿಸಿ ಸಡಿಲ ಮಣ್ಣನ್ನು ತಳ್ಳುತ್ತಾ ಮೇಲೆ ಬರಬಲ್ಲದು. ಒತ್ತಿ ಮೆತ್ತಿದ ಪದರವನ್ನು ಮಾತ್ರ ಅದಕ್ಕೆ ದಾಟಲಾಗುವುದಿಲ್ಲ. ಮುಚ್ಚಿದ ನಂತರ ರಾಶಿ ಕುಗ್ಗುವುದರಿಂದ ನಾಲ್ಕೈದು ದಿನದಲ್ಲಿ ಮೆತ್ತಿದ್ದು ಬಿರುಕು ಬಿಡುವುದು ಸಹಜ. ಒಂದು ವಾರದವರೆಗೆ ಪ್ರತಿ ಬೆಳಿಗ್ಗೆ ನೋಡಿ, ಬಿರುಕಿಗೆ ಒದ್ದೆ ಕೆಸರು ತುಂಬಬೇಕು. ಆ ವೇಳೆಗೆ ಪಕ್ಕದ ಭಾಗದ ಕೆಲಸ ಆರಂಭವಾಗಿರುತ್ತದೆಯಾದ್ದರಿಂದ ಇದಕ್ಕೆಂದು ಬೇರೆ ಓಡಾಟ ಬೇಕಾಗುವುದಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಮುಚ್ಚಿದ ಮೂರನೆಯ ದಿನ ಒಂದು ಕಬ್ಬಿಣದ ಸರಳನ್ನು ದಿಬ್ಬದ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಹೊರತೆಗೆಯಬೇಕು. ಮುಷ್ಟಿಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಳಗಿನ ಹುಳು ಸಾಯುವಷ್ಟು ಕಾವಿದೆ. ನೊಣದ ಹುಳು 50 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಡೆಯಲಾರದು. ಸರಳು ಬರಿಯ ಉಗುರುಬೆಚ್ಚಗಿದ್ದರೆ ರಾಶಿ ಅತಿ ಒದ್ದೆಯಾಗಿದೆ ಅಥವಾ ಚಿಕ್ಕದಾಗಿದೆ. ಆಗ ಮೇಲಿನ ಮೆತ್ತಿಗೆಯನ್ನೇ ಹೆಚ್ಚು ನಂಬಬೇಕಾಗುತ್ತದೆ. ಸರಳಿನ ರಂಧ್ರವನ್ನು ಮುಚ್ಚಲು ಮರೆಯಬಾರದು.

ಗುಂಡಿಗೆ ಜಾಗವಿಲ್ಲದವರಿಗೆ

ನೆಲದ ಮೇಲಿನ ರಾಶಿಯಿಂದಲೂ ನೊಣವನ್ನು ತಡೆಯಬಹುದು, ಆದರೆ ಶ್ರಮ ಹೆಚ್ಚು. ರಾಶಿಯನ್ನು ಕನಿಷ್ಠ ಒಂದು ಮೀಟರ್ ಎತ್ತರಕ್ಕೆ ಪೇರಿಸಿ, ಮೂರು ನಾಲ್ಕು ದಿನಕ್ಕೊಮ್ಮೆ ತಿರುವಿ ಹಾಕಬೇಕು. ತಿರುವುವಾಗ ಹೊರಗಿನ ತಂಪು ಪದರ ಒಳಗಿನ ಬಿಸಿಗೆ ಸೇರುವಂತೆ ನೋಡಿಕೊಳ್ಳಬೇಕು. ಇಡೀ ರಾಶಿಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದರೆ ಹುಳು ಮತ್ತೆ ಹೊರಮೈಯಲ್ಲೇ ಉಳಿಯುತ್ತದೆ. ಮನೆಯಲ್ಲಿ ಕೋಳಿ ಇದ್ದರೆ ತಿರುವಿದ ದಿನ ಅವುಗಳನ್ನು ಅಂಚಿಗೆ ಬಿಡುವುದು ತುಂಬ ಉಪಯುಕ್ತ, ತೆವಳಿ ಹೊರಬರುವ ಹುಳುಗಳನ್ನು ಅವು ಆರಿಸಿ ತಿನ್ನುತ್ತವೆ.

ಬೆರಣಿ ತಟ್ಟುವವರು ಅದನ್ನು ಎರಡು ಬೆರಳಿಗಿಂತ ತೆಳ್ಳಗೆ, ಬಿಸಿಲಿನಲ್ಲಿ ತಟ್ಟಿದರೆ ಹುಳು ಬೆಳೆಯುವ ಮೊದಲೇ ಅದು ಒಣಗುತ್ತದೆ. ಅರೆ ಒಣಗಿದ ಬೆರಣಿಯನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಪೇರಿಸಿದರೆ ಮಾತ್ರ ಎರಡು ರೀತಿಯ ನಷ್ಟ: ನಡುವಿನ ಹಸಿಯಲ್ಲಿ ನೊಣ, ಗೋಡೆಯ ಸಂದಿನಲ್ಲಿ ಉಣ್ಣೆ. ಮಳೆಗಾಲಕ್ಕೆ ಈ ದಾರಿ ಹೊಂದುವುದಿಲ್ಲ.

ಗೋಬರ್ ಗ್ಯಾಸ್ ಘಟಕ ನೊಣದ ಮಟ್ಟಿಗೆ ಬಹಳ ಒಳ್ಳೆಯ ಪರಿಹಾರ, ಏಕೆಂದರೆ ಸಗಣಿ ಅಂದೇ ಗಾಳಿಯಾಡದ ತೊಟ್ಟಿಯೊಳಗೆ ಹೋಗುತ್ತದೆ. ಸುಮಾರು 25 ಕಿಲೋ ಸಗಣಿಯಿಂದ ಒಂದು ಘನ ಮೀಟರ್ ಅನಿಲ ಸಿಗುವುದರಿಂದ ಮೇಲಿನ ಮನೆಗೆ ಅತಿ ಚಿಕ್ಕ ಘಟಕ ಸಾಕು. ಆದರೆ ಹೊರಬರುವ ಬಗ್ಗಡ ತೆರೆದ ಗುಂಡಿಯಲ್ಲಿ ನಿಂತರೆ ಅಲ್ಲಿ ಸೊಳ್ಳೆ ಮೊಟ್ಟೆಯಿಡಬಹುದು. ಬಗ್ಗಡದ ಗುಂಡಿಗೆ ಮುಚ್ಚಳ ಬೇಕು, ಅಥವಾ ಅದನ್ನು ಒಣ ಎಲೆಯ ಮೇಲೆ ಸುರಿದು ಇಂಗಿಸಬೇಕು.

ಗಂಜಲದ ದಾರಿ ಮತ್ತು ಸೊಳ್ಳೆ

ಸೊಳ್ಳೆಗೂ ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ಹಾರುವವರೆಗೆ ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಹಾಗಾಗಿ ಗೋದಲಿ ಕೆರೆಯುವ ದಿನವೇ ನೀರಿನ ಕೆಲಸವನ್ನೂ ಇಟ್ಟುಕೊಂಡರೆ ಎರಡೂ ನಡೆಯುತ್ತವೆ.

ಕೊಟ್ಟಿಗೆಯ ನೆಲ ಚರಂಡಿಯ ಕಡೆಗೆ ಪ್ರತಿ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಇರಬೇಕು. ಇಳಿಜಾರು ಸರಿಯಿದೆಯೇ ಎಂದು ತಿಳಿಯಲು ಮೇಲಿನ ತುದಿಯಲ್ಲಿ ಒಂದು ಬಿಂದಿಗೆ ನೀರು ಸುರಿದು, ಕಾಲು ಗಂಟೆಯ ನಂತರ ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲಿ ಗುರುತು ಮಾಡಿ ತುಂಬಿಸಬೇಕು. ಚರಂಡಿ ಆಳವಾಗಿರುವುದಕ್ಕಿಂತ ಅಗಲವಾಗಿ, ತಳ ದುಂಡಾಗಿ ಇದ್ದರೆ ಪೊರಕೆಯ ಒಂದೇ ಎಳೆತಕ್ಕೆ ಶುಚಿಯಾಗುತ್ತದೆ. ಅದರ ಕೊನೆಯಲ್ಲಿ ಮುಚ್ಚಳವಿರುವ ಬಕೆಟ್ ಅಥವಾ ಸಣ್ಣ ತೊಟ್ಟಿ ಇಟ್ಟು ಗಂಜಲವನ್ನು ಹಿಡಿದು, ದಿನವೂ ಕಂದಕದ ಒಣ ಪದರದ ಮೇಲೆ ಹದ ನೋಡಿ ಚಿಮುಕಿಸಬೇಕು. ತೊಳೆದ ನೀರನ್ನು ಮಾತ್ರ, ಸಗಣಿ ಸೇರದಂತೆ, ಬಾವಿಯಿಂದ ದೂರದ ಇಂಗುಗುಂಡಿಗೆ ಬಿಡಬೇಕು. ಸಗಣಿಯ ಚೂರು ಸೇರಿದರೆ ಇಂಗುಗುಂಡಿಯ ಜಲ್ಲಿ ಕೆಲವೇ ತಿಂಗಳಲ್ಲಿ ಕಟ್ಟಿಕೊಂಡು, ನೀರು ಮೇಲೆ ನಿಂತು, ಅದೇ ಸೊಳ್ಳೆಯ ತೊಟ್ಟಿಯಾಗುತ್ತದೆ. ಆದ್ದರಿಂದ ಮೊದಲು ಸಗಣಿ ಎತ್ತಿ ಗುಡಿಸಿ, ಅನಂತರವೇ ತೊಳೆಯಬೇಕು.

ದನ ಕುಡಿಯುವ ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡುವುದಷ್ಟೇ ಅಲ್ಲ, ಒಳಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಉಜ್ಜಬೇಕು. ಹಗಲು ಕಚ್ಚುವ ಸೊಳ್ಳೆಯ ಮೊಟ್ಟೆಗಳು ನೀರಿನ ಅಂಚಿನ ಗೋಡೆಗೆ ಅಂಟಿಕೊಂಡು ಒಣಗಿದರೂ ಸಾಯದೆ ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಚರಂಡಿಗೆ ಹಳೆಯ ಎಂಜಿನ್ ಎಣ್ಣೆ ಸುರಿಯುವುದು ಬೇಡ, ಅದು ಮಣ್ಣಿಗೂ ಗೊಬ್ಬರಕ್ಕೂ ಸೇರುತ್ತದೆ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದರಿಂದ ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರವಿರುತ್ತದೆ, ಅಷ್ಟೇ. ಮುಚ್ಚಿದ ಕೊಟ್ಟಿಗೆಯಲ್ಲಿ ದಟ್ಟ ಹೊಗೆ ದನಕ್ಕೂ, ಗೋಡೆಯ ಆಚೆ ಮಲಗುವ ಮಕ್ಕಳಿಗೂ ಕೆಡುಕು. ಮನೆಗೂ ಕೊಟ್ಟಿಗೆಗೂ ನಡುವಿನ ಬಾಗಿಲು ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕುವುದು ಹೊಗೆಗಿಂತ ಹೆಚ್ಚು ಕಾಲ ನಿಲ್ಲುವ ರಕ್ಷಣೆ.

ಉಣ್ಣೆ: ಬಿರುಕು ಮತ್ತು ಹಾಸು

ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ದನದ ಮೈಯಿಂದ ಉದುರಿ, ತೆವಳಿ ಬಿರುಕಿಗೆ ಸೇರಿ, ಒಂದೇ ಬಾರಿಗೆ ಸಾವಿರಾರು ಮೊಟ್ಟೆಗಳನ್ನು ಗೊಂಚಲಾಗಿ ಇಟ್ಟು ಸಾಯುತ್ತದೆ. ಒಡೆದ ಮರಿಗಳು ಹಸಿವಿನಲ್ಲಿ ತಿಂಗಳುಗಟ್ಟಲೆ ಕಾಯಬಲ್ಲವು. ಹೀಗಾಗಿ ಹಸುವಿನ ಮೈಗೆ ಔಷಧ ಹಚ್ಚಿ ಗೋಡೆಯನ್ನು ಮರೆತರೆ ಕಾಟ ಮುಗಿಯುವುದಿಲ್ಲ. ಥೈಲೇರಿಯಾ, ಬೆಬೇಸಿಯಾ ಮುಂತಾದ ರಕ್ತಪರಾವಲಂಬಿ ರೋಗಗಳನ್ನು ಹರಡುವುದು ಉಣ್ಣೆಗಳೇ. ಮಿಶ್ರತಳಿಯ ಹಸುಗಳು ಇವಕ್ಕೆ ಬೇಗ ತುತ್ತಾಗುತ್ತವೆ. ತೀವ್ರ ಜ್ವರ, ಊದಿದ ಗಂಟು, ಬಿಳಿಚಿದ ಕಣ್ಣು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ ಪಶುವೈದ್ಯರನ್ನು ಕರೆಸಬೇಕು.

ಸಗಣಿಯ ಕೆಲಸಕ್ಕೂ ಉಣ್ಣೆಗೂ ಸಂಬಂಧ ಎರಡು ಕಡೆ ಬರುತ್ತದೆ. ಮೊದಲನೆಯದು ಸಗಣಿ ಸಾರಿಸಿದ ನೆಲ ಮತ್ತು ಗೋಡೆ. ಸಾರಿಸಿದಾಗ ಬಿರುಕು ಮುಚ್ಚುತ್ತದೆ ನಿಜ, ಆದರೆ ಒಣಗಿದಂತೆ ಸಣ್ಣ ಹೊಸ ಬಿರುಕುಗಳು ಏಳುತ್ತವೆ. ಮೊದಲು ಬಿರುಕನ್ನು ಮಣ್ಣು ಅಥವಾ ಸಿಮೆಂಟಿನಿಂದ ತುಂಬಿ, ಆರಿದ ಮೇಲೆ ಸಾರಿಸಬೇಕು. ಗೋಡೆಗೆ ಸುಣ್ಣ ಬಳಿದರೆ ಉಳಿದ ಬಿರುಕುಗಳೂ ತೆವಳುವ ಉಣ್ಣೆಯೂ ಬಿಳಿಯ ಮೇಲೆ ಎದ್ದು ಕಾಣುತ್ತವೆ. ಎರಡನೆಯದು ಗುಡಿಸಿದ ಕಸ. ಉದುರಿದ ಉಣ್ಣೆಗಳು ಹಾಸಿನೊಂದಿಗೆ ಹೊರಹೋಗುತ್ತವೆ. ಆ ಹಾಸನ್ನು ಗೋಡೆಯ ಪಕ್ಕ ಒಣಗಲು ಹಾಕಿದರೆ ಅವು ಮತ್ತೆ ಗೋಡೆ ಸೇರುತ್ತವೆ. ಅದಕ್ಕಾಗಿಯೇ ಕಸವನ್ನು ಅಂದೇ ಕಂದಕದ ನಡುವಿಗೆ, ಬಿಸಿಯೇರುವ ಜಾಗಕ್ಕೆ ಹಾಕಬೇಕು.

ದನದ ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡ ಇವನ್ನು ಎರಡು ಮೂರು ದಿನಕ್ಕೊಮ್ಮೆ ನೋಡಿ, ಸಿಕ್ಕ ಉಣ್ಣೆಗಳನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ಎಳೆದು, ಸೋಪಿನ ನೀರಿನ ಡಬ್ಬಿಗೆ ಹಾಕಬೇಕು. ಬರಿಗೈಯಲ್ಲಿ ಹಿಸುಕಬಾರದು, ಅದರ ರಕ್ತದಿಂದ ಮನುಷ್ಯರಿಗೂ ರೋಗ ತಗಲಬಹುದು. ಸಂಖ್ಯೆ ಹೆಚ್ಚಿದ್ದರೆ ಪಶುವೈದ್ಯರು ಸೂಚಿಸಿದ ಔಷಧವನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲೇ ಬಳಸಬೇಕು. ತೆಳುವಾಗಿ ಬೆರೆಸಿ ಪದೇ ಪದೇ ಹೊಡೆದರೆ ಆ ಔಷಧಕ್ಕೆ ಬಗ್ಗದ ಉಣ್ಣೆಗಳೇ ಉಳಿದು ಹೆಚ್ಚುತ್ತವೆ. ಹಾಲು ಕೊಡುವ ಹಸುವಿಗೆ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಸ್ವಂತ ತೀರ್ಮಾನದಿಂದ ಹಾಕಿಸಬಾರದು, ಅದು ಹಾಲಿನಲ್ಲಿ ಬರುತ್ತದೆ. ಸಗಣಿಯಲ್ಲಿಯೂ ಹೊರಬಂದು, ಸಗಣಿಯನ್ನು ಒಡೆದು ಮಣ್ಣಿಗೆ ಸೇರಿಸುವ ಜೀರುಂಡೆಗಳಿಗೆ ಹಾನಿಮಾಡುತ್ತದೆ.

ಫಲ ಎಂದು ಕಾಣುತ್ತದೆ

ಕಂದಕದ ಕೆಲಸ ಆರಂಭಿಸಿದ ಮೊದಲ ವಾರ ನೊಣ ಕಡಿಮೆಯಾಗುವುದಿಲ್ಲ. ಈಗಾಗಲೇ ಹಾರುತ್ತಿರುವ ನೊಣಗಳು ಎರಡರಿಂದ ನಾಲ್ಕು ವಾರ ಬದುಕುತ್ತವೆ, ಮಣ್ಣಿನಲ್ಲಿರುವ ಕೋಶಗಳೂ ಒಡೆಯುತ್ತಿರುತ್ತವೆ. ಹಳೆಯ ತಿಪ್ಪೆಯನ್ನು ಅಷ್ಟರಲ್ಲಿ ಹೊಲಕ್ಕೆ ಸಾಗಿಸಿ ತೆಳುವಾಗಿ ಹರಡಿದ್ದರೆ, ಮೂರನೆಯ ವಾರದ ಹೊತ್ತಿಗೆ ವ್ಯತ್ಯಾಸ ಕಾಣತೊಡಗುತ್ತದೆ. ಅಂದಾಜಿನ ಬದಲು ಎಣಿಕೆ ಇಟ್ಟುಕೊಳ್ಳುವುದು ಮೇಲು: ಒಂದು ಅಂಗೈಯಗಲದ ಬಿಳಿ ರಟ್ಟನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ವಾರದ ಕೊನೆಗೆ ಅದರ ಮೇಲೆ ಬಿದ್ದ ನೊಣದ ಹಿಕ್ಕೆಯ ಚುಕ್ಕೆಗಳನ್ನು ಎಣಿಸಿ ಬರೆದು, ಹೊಸ ರಟ್ಟನ್ನು ಅದೇ ಜಾಗಕ್ಕೆ ಕಟ್ಟಬೇಕು. ಜೊತೆಗೆ ಬಿಸಿಲಿನ ಹೊತ್ತಿನಲ್ಲಿ ಒಂದೇ ಹಸುವಿನ ಮುಂಗಾಲಿನ ಮೇಲಿನ ನೊಣಗಳನ್ನೂ ಎಣಿಸಬಹುದು.

ರಟ್ಟಿನ ಚುಕ್ಕೆ ಇಳಿದು ಕಾಲಿನ ನೊಣ ಇಳಿಯದಿದ್ದರೆ ಕಂದಕ ಸರಿಯಿದೆ, ಗೋದಲಿಯ ಬುಡ ಅಥವಾ ಕರುವಿನ ಹಾಸಿನಲ್ಲಿ ಕೆಲಸ ಉಳಿದಿದೆ. ನಾಲ್ಕು ವಾರದ ನಂತರವೂ ಎರಡೂ ಇಳಿಯದಿದ್ದರೆ, ಮತ್ತು ಕೋಲಿನಿಂದ ಹುಡುಕಿದಾಗ ಸ್ವಂತ ಜಾಗದಲ್ಲಿ ಎಲ್ಲಿಯೂ ಹುಳು ಸಿಗದಿದ್ದರೆ, ನೊಣ ಹೊರಗಿನಿಂದ ಬರುತ್ತಿದೆ. ಮನೆನೊಣ ಕೆಲವು ನೂರು ಮೀಟರ್ ದೂರದಿಂದ ಸುಲಭವಾಗಿ ಹಾರಿಬರುತ್ತದೆ. ಆಗ ನೆರೆಮನೆಯವರ ತಿಪ್ಪೆಯ ನೆರಳಿನ ಅಂಚನ್ನು ಅವರೊಂದಿಗೆ ಸೇರಿ ಕೆದಕಿ ನೋಡಿ, ಎರಡೂ ಮನೆಯ ಹಳೆಯ ರಾಶಿಗಳನ್ನು ಒಂದೇ ವಾರದಲ್ಲಿ ಖಾಲಿ ಮಾಡುವುದು ಮುಂದಿನ ಹೆಜ್ಜೆ.